ಎಂಟ್ರಿ ಆಗಿದೆ, ಸ್ಟಾಪ್‌ಲಾಸ್ ಎಲ್ಲಿ? ಬ್ರಾಕೆಟ್ ಮತ್ತು ಒಸಿಒ ಆರ್ಡರ್ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಷೇರು ಕೊಳ್ಳುವಾಗಲೇ ಲಾಭದ ಟಾರ್ಗೆಟ್ ಮತ್ತು ನಷ್ಟದ ಸ್ಟಾಪ್ ಎರಡನ್ನೂ ಹೇಳಿಟ್ಟುಬಿಟ್ಟರೆ ಮುಂದಿನದನ್ನು ಆರ್ಡರ್‌ಗಳೇ ನೋಡಿಕೊಳ್ಳುತ್ತವೆ ಎಂಬುದು ಬ್ರಾಕೆಟ್ ಆರ್ಡರ್‌ನ ಲೆಕ್ಕಾಚಾರ. ಟಾರ್ಗೆಟ್ ಮತ್ತು ಸ್ಟಾಪ್‌ಗಳಲ್ಲಿ ಒಂದು ನಡೆದರೆ ಇನ್ನೊಂದು ತಾನೇ ರದ್ದಾಗಬೇಕು, ಅದೇ ಒಸಿಒ. ಬಹುತೇಕ ದಿನ ಇದು ಸರಿಯಾಗಿಯೇ ನಡೆಯುತ್ತದೆ. ನಡೆಯದ ದಿನ ಏನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು ಎಂಬುದು ಈ ಕೈಪಿಡಿಯ ವಿಷಯ. ಇಲ್ಲಿನ ಉದಾಹರಣೆಗಳೆಲ್ಲ ಎನ್‌ಎಸ್‌ಇ, ಬಿಎಸ್‌ಇಗಳಲ್ಲಿ ವ್ಯವಹರಿಸುವವರಿಗೆ ಹೊಂದುವಂಥವು.

## ಹುಡುಕುವ ಮೊದಲು ಪೊಸಿಷನ್ ಕಾಪಾಡಿ

ಮಾರುಕಟ್ಟೆ ತೆರೆದಿದೆ, ಸ್ಟಾಪ್ ಕೆಲಸ ಮಾಡಿಲ್ಲ, ಬೆಲೆ ಇಳಿಯುತ್ತಿದೆ ಎಂದಾದರೆ ಕಾರಣ ಹುಡುಕುವ ಕೆಲಸ ಆಮೇಲಿನದು. ಮೊದಲು ಆರ್ಡರ್ ಬುಕ್ ತೆರೆದು, ಆ ಷೇರಿನ ಹೆಸರಿನಲ್ಲಿ ಬಾಕಿ ಇರುವ ಆರ್ಡರ್‌ಗಳನ್ನು ರದ್ದು ಮಾಡಿ. ರದ್ದಾದದ್ದು `CANCELLED` ಎಂದು ಕಂಡ ಮೇಲೆ ಕೈಯಾರೆ ಮಾರಿ ಹೊರಬನ್ನಿ, ಇಲ್ಲವೇ ಹೊಸ ಸ್ಟಾಪ್ ಹಾಕಿ. ಈ ಕ್ರಮ ತಿರುವುಮುರುವಾದರೆ, ಅಂದರೆ ಮೊದಲು ಮಾರಿ ಆಮೇಲೆ ರದ್ದು ಮಾಡಹೊರಟರೆ, ಆ ಕ್ಷಣಗಳಲ್ಲೇ ಹಳೆಯ ಸ್ಟಾಪ್ ನಡೆದು ಎರಡು ಸಲ ಮಾರಿದಂತಾಗಬಹುದು. ಆ್ಯಪ್ ತೆರೆಯುತ್ತಿಲ್ಲವೆಂದರೆ ಬ್ರೋಕರ್‌ನ ಕಾಲ್ ಆ್ಯಂಡ್ ಟ್ರೇಡ್ ಸಂಖ್ಯೆಗೆ ಕರೆ ಮಾಡಿ. ಆ ಸಂಖ್ಯೆ ಮೊದಲೇ ಫೋನಿನಲ್ಲಿ ಇರಬೇಕು. ಬೆಲೆ ಬೀಳುತ್ತಿರುವಾಗ ಹುಡುಕುವಂಥದ್ದಲ್ಲ ಅದು.

## ಸ್ಟಾಪ್ ಎಲ್ಲಿ ಕುಳಿತಿದೆ ಎಂಬ ಪ್ರಶ್ನೆ

ಕೆಳಗಿನ ಲಕ್ಷಣಗಳಲ್ಲಿ ಹೆಚ್ಚಿನವಕ್ಕೆ ಮೂಲ ಇಲ್ಲೇ ಇರುವುದರಿಂದ ಇದನ್ನು ನಿಧಾನವಾಗಿ ಓದಿ.

ನಿಮ್ಮ ತೆರೆಯ ಮೇಲೆ ಒಂದೇ ಆರ್ಡರ್‌ನಂತೆ ಕಾಣುವುದು ನಿಜದಲ್ಲಿ ಮೂರು: ಎಂಟ್ರಿ, ಟಾರ್ಗೆಟ್, ಸ್ಟಾಪ್. ಎಕ್ಸ್‌ಚೇಂಜ್‌ಗೆ ಇವು ಒಂದಕ್ಕೊಂದು ನಂಟಿಲ್ಲದ ಬಿಡಿ ಆರ್ಡರ್‌ಗಳು. ನಂಟು ಗೊತ್ತಿರುವುದು ಬ್ರೋಕರ್‌ನ ಸರ್ವರ್‌ಗೆ. ಒಂದು ನಡೆದಾಗ ಇನ್ನೊಂದನ್ನು ರದ್ದು ಮಾಡುವುದೂ ಆ ಸರ್ವರ್ ಕೆಲಸವೇ.

ಇಂಟ್ರಾಡೇ ಬ್ರಾಕೆಟ್‌ನಲ್ಲಿ ಎಂಟ್ರಿ ಆದ ಕೂಡಲೇ ಟಾರ್ಗೆಟ್ ಲಿಮಿಟ್ ಆರ್ಡರ್ ಆಗಿ, ಸ್ಟಾಪ್ ಸ್ಟಾಪ್‌ಲಾಸ್ ಆರ್ಡರ್ ಆಗಿ ಎಕ್ಸ್‌ಚೇಂಜ್‌ಗೆ ಹೋಗಿ ಕುಳಿತುಕೊಳ್ಳುತ್ತವೆ. ಒಂದು ಭರ್ತಿಯಾದ ಮೇಲೆ ಇನ್ನೊಂದು ರದ್ದಾಗುತ್ತದೆ. ಡೆಲಿವರಿಗೆ ಬಳಸುವ ಜಿಟಿಟಿ, ಅಂದರೆ ಗುಡ್ ಟಿಲ್ ಟ್ರಿಗರ್ಡ್, ಒಸಿಒ ಹಾಗಲ್ಲ. ಅದರ ಎರಡೂ ಕಾಲುಗಳು, ಅಂದರೆ ಟಾರ್ಗೆಟ್ ಮತ್ತು ಸ್ಟಾಪ್, ಬ್ರೋಕರ್‌ನ ಸರ್ವರ್‌ನಲ್ಲೇ ಕಾಯುತ್ತಿರುತ್ತವೆ, ಎಕ್ಸ್‌ಚೇಂಜ್‌ಗೆ ಏನೂ ಹೋಗಿರುವುದಿಲ್ಲ. ಕೊನೆಯ ವಹಿವಾಟಿನ ಬೆಲೆ, ಅಂದರೆ `LTP`, ನೀವು ಕೊಟ್ಟ ಟ್ರಿಗರ್ ಮುಟ್ಟಿದಾಗ ಆ ಕಾಲಿನ ಲಿಮಿಟ್ ಆರ್ಡರ್ ಹೊರಡುತ್ತದೆ. ಸಾಮಾನ್ಯವಾಗಿ ಆ ಗಳಿಗೆಯಲ್ಲೇ ಇನ್ನೊಂದು ಕಾಲು ರದ್ದಾಗುತ್ತದೆ. ಹೊರಟ ಆರ್ಡರ್ ಭರ್ತಿಯಾಯಿತೋ ಇಲ್ಲವೋ ಎಂದು ಅದು ಕಾಯುವುದಿಲ್ಲ.

ಟ್ರಿಗರ್ ಆಗುವುದು ಬೇರೆ, ಮಾರಾಟ ಆಗುವುದು ಬೇರೆ. ಬ್ರಾಕೆಟ್‌ನಲ್ಲಿ ರದ್ದತಿ ಮಾರಾಟಕ್ಕೆ ಕಟ್ಟಿಕೊಂಡಿದ್ದರೆ ಜಿಟಿಟಿಯಲ್ಲಿ ಟ್ರಿಗರ್‌ಗೆ ಕಟ್ಟಿಕೊಂಡಿದೆ. ನೀವು ಬಳಸುತ್ತಿರುವುದು ಯಾವುದು ಎಂದು ತಿಳಿಯದೆ ಮುಂದಿನ ಯಾವ ತಪಾಸಣೆಯೂ ಕೂಡಿಬರುವುದಿಲ್ಲ. ಕೆಲವು ಬ್ರೋಕರ್‌ಗಳಲ್ಲಿ ಬ್ರಾಕೆಟ್ ಸೌಲಭ್ಯವೇ ಈಗಿಲ್ಲ. ಅಲ್ಲಿ ಎಂಟ್ರಿಯ ಜೊತೆಗೇ ಜಿಟಿಟಿಯನ್ನು ಅಂಟಿಸುವ ಆಯ್ಕೆ ಇರುತ್ತದೆ. ನೋಡಲು ಬ್ರಾಕೆಟ್‌ನಂತೆಯೇ ಇದ್ದರೂ ನಡತೆ ಜಿಟಿಟಿಯದೇ.

## ಲಕ್ಷಣ: ಎಂಟ್ರಿ ಆಗಿದೆ, ಟಾರ್ಗೆಟ್ ಸ್ಟಾಪ್ ಎರಡೂ ಕಾಣುತ್ತಿಲ್ಲ

ಮೊದಲು ನೋಡುವ ಜಾಗ ಸರಿಯೇ ಎಂದು ತಿಳಿಯಿರಿ. ಜಿಟಿಟಿಯ ಕಾಲುಗಳು ಎಕ್ಸ್‌ಚೇಂಜ್‌ಗೆ ಹೋಗಿಲ್ಲದ ಕಾರಣ ಅವು ದಿನದ ಆರ್ಡರ್ ಬುಕ್‌ನಲ್ಲಿ ಇರುವುದಿಲ್ಲ, `GTT` ಎಂಬ ಬೇರೆ ಪುಟದಲ್ಲಿ ಇರುತ್ತವೆ. ಬ್ರಾಕೆಟ್ ಆಗಿದ್ದರೆ ಆರ್ಡರ್ ಬುಕ್‌ನಲ್ಲೇ ಟಾರ್ಗೆಟ್ `OPEN` ಎಂದೂ ಸ್ಟಾಪ್ `TRIGGER PENDING` ಎಂದೂ ಕಾಣಬೇಕು.

ಎರಡೂ ಕಡೆ ಇಲ್ಲವೆಂದರೆ ಎಂಟ್ರಿಯ ಕ್ವಾಂಟಿಟಿ ನೋಡಿ. 100 ಷೇರಿಗೆ ಆರ್ಡರ್ ಕೊಟ್ಟು 60 ಮಾತ್ರ ಸಿಕ್ಕಿ ಉಳಿದ 40 ಬಾಕಿ ಇರಬಹುದು. ಸಿಕ್ಕಷ್ಟಕ್ಕೆ ಆಗಿಂದಾಗಲೇ ಸ್ಟಾಪ್ ಕಳಿಸುವ ಬ್ರೋಕರ್‌ಗಳಿವೆ, ಎಂಟ್ರಿ ಪೂರ್ತಿಯಾಗುವವರೆಗೆ ಕಾಯುವವೂ ಇವೆ. ಎರಡನೆಯ ಬಗೆಯಲ್ಲಿ ಆ 60 ಷೇರುಗಳಿಗೆ ಅಷ್ಟು ಹೊತ್ತು ಯಾವ ರಕ್ಷಣೆಯೂ ಇಲ್ಲ. ಬಾಕಿ 40ನ್ನು ರದ್ದು ಮಾಡಿ, 60ಕ್ಕೆ ಕೈಯಾರೆ ಒಸಿಒ ಹಾಕುವುದು ಲೇಸು.

ಎಂಟ್ರಿ ಪೂರ್ತಿಯಾಗಿಯೂ ಕಾಲುಗಳು ಹುಟ್ಟಿಲ್ಲವೆಂದರೆ `REJECTED` ಆಗಿರುವ ಸಾಲನ್ನು ಒತ್ತಿ ಕಾರಣ ಓದಿ. ಹೆಚ್ಚಾಗಿ ಸಿಗುವ ಕಾರಣ ಟಿಕ್ ಗಾತ್ರ, ಅಂದರೆ ಬೆಲೆ ಏರಿಳಿಯುವ ಕನಿಷ್ಠ ಮೆಟ್ಟಿಲು. ಶೇಕಡಾ ಲೆಕ್ಕದಲ್ಲಿ ಟಾರ್ಗೆಟ್ ಹಾಕಿದಾಗ 1,263.47 ಎಂಬಂಥ ಬೆಲೆ ಬರುತ್ತದೆ. ಎನ್‌ಎಸ್‌ಇಯಲ್ಲಿ 2025ರ ಏಪ್ರಿಲ್‌ನಿಂದ 250ರಿಂದ 1,000 ರೂಪಾಯಿಯ ಷೇರುಗಳಿಗೆ 5 ಪೈಸೆಯ, ಅದರ ಮೇಲೆ 5,000ದವರೆಗಿನವಕ್ಕೆ 10 ಪೈಸೆಯ ಮೆಟ್ಟಿಲು. 1,263.47 ಆ ಮೆಟ್ಟಿಲ ಮೇಲೆ ನಿಲ್ಲುವುದಿಲ್ಲ, 1,263.40 ನಿಲ್ಲುತ್ತದೆ. ಬೆಲೆಯನ್ನು ಸರಿಪಡಿಸಿ ಮತ್ತೆ ಕಳಿಸಿದರೆ ಸಾಕು.

ಇನ್ನೊಂದು ಕಾರಣ, ಟ್ರಿಗರ್ ತಪ್ಪು ಬದಿಗೆ ಬಿದ್ದಿರುವುದು. ಕೊಂಡ ಷೇರಿನ ಸ್ಟಾಪ್ ಈಗಿನ ಬೆಲೆಗಿಂತ ಕೆಳಗಿರಬೇಕು, ಮಾರುವ ಲಿಮಿಟ್ ಟ್ರಿಗರ್‌ಗೆ ಸಮ ಅಥವಾ ಅದಕ್ಕಿಂತ ಕೆಳಗಿರಬೇಕು. ಎಂಟ್ರಿ ಆಗುವಷ್ಟರಲ್ಲಿ ಬೆಲೆ ಸ್ಟಾಪ್‌ಗಿಂತಲೂ ಕೆಳಗೆ ಜಾರಿದ್ದರೆ ಆ ಸ್ಟಾಪ್ ಸ್ವೀಕಾರವಾಗುವುದಿಲ್ಲ. ಆಗ ಸ್ಟಾಪ್ ಅನ್ನು ಇನ್ನೂ ಕೆಳಗಿಡುವ ಆಸೆ ಬೇಡ. ನೀವು ಹೊರಬರಬೇಕೆಂದುಕೊಂಡಿದ್ದ ಬೆಲೆ ಆಗಲೇ ದಾಟಿಹೋಗಿದೆ, ಹೊರಬನ್ನಿ.

## ಲಕ್ಷಣ: ಚಾರ್ಟ್‌ನಲ್ಲಿ ಟಾರ್ಗೆಟ್ ಮುಟ್ಟಿದೆ, ಮಾರಾಟವಾಗಿಲ್ಲ

ಚಾರ್ಟ್ ಬಿಎಸ್‌ಇಯದ್ದಾಗಿದ್ದು ನಿಮ್ಮ ಆರ್ಡರ್ ಎನ್‌ಎಸ್‌ಇಯಲ್ಲಿ ಇದೆಯೇ ನೋಡಿ. ಎರಡೂ ಕಡೆಯ ಬೆಲೆ ಕೆಲವು ಪೈಸೆ, ಕಡಿಮೆ ವಹಿವಾಟಿನ ಷೇರಾದರೆ ರೂಪಾಯಿಗಳಷ್ಟೇ ಬೇರೆಯಾಗಿರುತ್ತದೆ.

ಒಂದೇ ಎಕ್ಸ್‌ಚೇಂಜ್ ಆಗಿದ್ದರೆ ಅದು ಸರದಿಯ ಮಾತು. ಒಂದೇ ಬೆಲೆಯಲ್ಲಿ ಯಾರ ಆರ್ಡರ್ ಮೊದಲು ಬಂದಿದೆಯೋ ಅವರದು ಮೊದಲು. ಬ್ರಾಕೆಟ್‌ನ ಟಾರ್ಗೆಟ್ ಬೆಳಗ್ಗೆಯಿಂದಲೇ ಸರದಿಯಲ್ಲಿ ನಿಂತಿರುತ್ತದೆ. ನಿಮ್ಮ ಟಾರ್ಗೆಟ್ 504 ಎಂದುಕೊಳ್ಳಿ, ಜಿಟಿಟಿಯಲ್ಲಿ ಅದು ಬೆಲೆ 504 ಮುಟ್ಟಿದ ಮೇಲಷ್ಟೇ ಹೊರಟು ಸರದಿಯ ಬಾಲಕ್ಕೆ ಸೇರುತ್ತದೆ. ಅಷ್ಟರಲ್ಲಿ ಬೆಲೆ ಹಿಂದಿರುಗಿರಬಹುದು. ಅದಕ್ಕೆ ಪರಿಹಾರ ಸುಲಭ: ಟ್ರಿಗರ್ 504 ಇಟ್ಟು ಲಿಮಿಟ್ 503 ಇಡಿ. 504ರಲ್ಲಿ ಕೊಳ್ಳುವವರಿದ್ದರೆ 504ಕ್ಕೇ ಮಾರಾಟವಾಗುತ್ತದೆ, ಇಲ್ಲದಿದ್ದರೂ 503ರವರೆಗೆ ಅವಕಾಶ ಇರುತ್ತದೆ.

## ಲಕ್ಷಣ: ಸ್ಟಾಪ್ ಟ್ರಿಗರ್ ಆಯಿತು, ಷೇರು ಮಾತ್ರ ಇನ್ನೂ ನಿಮ್ಮಲ್ಲೇ ಇದೆ

ಹಣ ಕಳೆಯುವ ದೋಷಗಳಲ್ಲಿ ಇದೇ ದೊಡ್ಡದು. ಒಂದು ಲೆಕ್ಕವನ್ನು ಕೊನೆಯವರೆಗೂ ಮಾಡಿ ನೋಡೋಣ.

480ರಂತೆ 100 ಷೇರು ಡೆಲಿವರಿಗೆ ಕೊಂಡಿದ್ದೀರಿ. ಒಸಿಒದಲ್ಲಿ ಟಾರ್ಗೆಟ್ 504. ಸ್ಟಾಪ್‌ನ ಟ್ರಿಗರ್ 468, ಲಿಮಿಟ್ 466. ಹೆಚ್ಚೆಂದರೆ 1,400 ರೂಪಾಯಿ ನಷ್ಟ ಎಂದು ನಿಮ್ಮ ಲೆಕ್ಕ. ಅಂದು ಷೇರು 474ಕ್ಕೆ ಮುಗಿಯಿತು. ರಾತ್ರಿ ಕಂಪನಿಯ ಫಲಿತಾಂಶ ಕೆಟ್ಟದಾಗಿ ಬಂತು, ಮರುದಿನ 9:15ಕ್ಕೆ ಬೆಲೆ ನೇರ 455ರಲ್ಲಿ ತೆರೆಯಿತು.

455 ಎಂಬುದು 468ಕ್ಕಿಂತ ಕೆಳಗಿದೆ, ಹಾಗಾಗಿ ಟ್ರಿಗರ್ ಆಗುತ್ತದೆ. 466ಕ್ಕೆ ಕಡಿಮೆ ಇಲ್ಲದಂತೆ ಮಾರು ಎಂಬ ಲಿಮಿಟ್ ಆರ್ಡರ್ ಎಕ್ಸ್‌ಚೇಂಜ್‌ಗೆ ಹೋಗುತ್ತದೆ. ಮಾರುಕಟ್ಟೆಯಲ್ಲಿ 455ಕ್ಕೆ ಸಿಗುತ್ತಿರುವುದನ್ನು 466 ಕೊಟ್ಟು ಕೊಳ್ಳುವವರು ಯಾರು? ಆರ್ಡರ್ `OPEN` ಎಂದು ನಿಂತೇ ಇರುತ್ತದೆ. ಇತ್ತ ಸ್ಟಾಪ್ ಟ್ರಿಗರ್ ಆದ ಕ್ಷಣದಲ್ಲೇ 504ರ ಟಾರ್ಗೆಟ್ ರದ್ದಾಗಿದೆ. ಸಂಜೆ 3:30ಕ್ಕೆ ಆ ಲಿಮಿಟ್ ಆರ್ಡರ್ ದಿನದ ಆಯಸ್ಸು ಮುಗಿದು ರದ್ದಾಗುತ್ತದೆ. ಜಿಟಿಟಿ ತನ್ನ ಕೆಲಸ ಮುಗಿಸಿದೆ ಎಂದು `TRIGGERED` ತೋರಿಸುತ್ತದೆ. ಮೂರನೆಯ ದಿನ ನಿಮ್ಮ ಬಳಿ ಷೇರಿದೆ, ಸ್ಟಾಪ್ ಇಲ್ಲ, ಟಾರ್ಗೆಟ್ ಕೂಡ ಇಲ್ಲ. ಬೆಲೆ 430ಕ್ಕೆ ಹೋದರೆ 1,400ರ ಜಾಗದಲ್ಲಿ ನಷ್ಟ 5,000.

ಇಲ್ಲಿ ಯಂತ್ರ ಕೆಟ್ಟಿಲ್ಲ. ಟ್ರಿಗರ್ ಮತ್ತು ಲಿಮಿಟ್‌ಗಳ ನಡುವೆ ಬಿಟ್ಟ ಅಂತರ ಎರಡೇ ರೂಪಾಯಿ, ಬೆಲೆ ಹಾರಿದ್ದು ಅದನ್ನೂ ದಾಟಿ. ಲಿಮಿಟ್ 444 ಇದ್ದಿದ್ದರೆ ಅದೇ ಬೆಳಗ್ಗೆ 455ರ ಆಸುಪಾಸಿನಲ್ಲಿ ಮಾರಾಟವಾಗಿ ಸುಮಾರು 2,500 ರೂಪಾಯಿ ನಷ್ಟದಲ್ಲಿ ಹೊರಬರುತ್ತಿದ್ದಿರಿ. ಲೆಕ್ಕಕ್ಕಿಂತ ಹೆಚ್ಚೇ, ಆದರೂ ಅಲ್ಲಿಗೆ ಮುಗಿಯುತ್ತಿತ್ತು.

ಲಿಮಿಟ್ ಕೆಳಗಿಟ್ಟರೆ ಆ ಕೆಳಬೆಲೆಗೇ ಮಾರಾಟವಾಗಿಬಿಡುತ್ತದೆ ಎಂಬ ಹೆದರಿಕೆಯಿಂದ ಬಹಳ ಮಂದಿ ಅಂತರವನ್ನು ಕಿರಿದಾಗಿಸುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲ. ಮಾರುವ ಲಿಮಿಟ್ ಎಂದರೆ ಇದಕ್ಕಿಂತ ಕಡಿಮೆಗೆ ಬೇಡ ಎಂದಷ್ಟೇ. ಬೆಲೆ ಮೆಲ್ಲಗೆ 468ಕ್ಕೆ ಇಳಿದು, ಆಗ 467.80ಕ್ಕೆ ಕೊಳ್ಳುವವರಿದ್ದರೆ, ನಿಮ್ಮ ಲಿಮಿಟ್ 444 ಇದ್ದರೂ ಮಾರಾಟವಾಗುವುದು 467.80ಕ್ಕೇ. ಕೊಳ್ಳುವವರ ಸಾಲು ತೆಳುವಾಗಿರುವ ಷೇರಿನಲ್ಲಿ, ಅದೂ ಕ್ವಾಂಟಿಟಿ ದೊಡ್ಡದಿದ್ದಾಗ ಮಾತ್ರ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಅದನ್ನು ತಿಳಿಯಲು ಮಾರ್ಕೆಟ್ ಡೆಪ್ತ್ ತೆರೆದು ಐದು ಸಾಲುಗಳ ಕ್ವಾಂಟಿಟಿ ಕೂಡಿ. ನಿಮ್ಮ 100 ಷೇರು ಮೊದಲ ಸಾಲಿನಲ್ಲೇ ಮುಗಿಯುವಂತಿದ್ದರೆ ಚಿಂತೆಯಿಲ್ಲ.

ರಾತ್ರಿ ದಾಟಿಸುವ ಡೆಲಿವರಿಗೆ ಟ್ರಿಗರ್‌ನಿಂದ ಸುಮಾರು ಶೇಕಡಾ 4ರಿಂದ 5ರಷ್ಟು ಕೆಳಗೆ ಲಿಮಿಟ್ ಇಡುವುದು ನಮ್ಮ ಸಲಹೆ. ಹೆಚ್ಚು ವಹಿವಾಟಿನ ಷೇರಿನ ಇಂಟ್ರಾಡೇಗೆ ಶೇಕಡಾ ಅರ್ಧದಿಂದ ಒಂದು ಸಾಕಾಗುತ್ತದೆ. ಫಲಿತಾಂಶದ ಹಿಂದಿನ ರಾತ್ರಿ ಯಾವ ಅಂತರವೂ ಭರವಸೆ ಕೊಡುವುದಿಲ್ಲ. ಸ್ಟಾಪ್ ಬೆಲೆಗೆ ಹೊರಬರಲೇಬೇಕು ಎನ್ನುವವರು ಆ ರಾತ್ರಿ ಕ್ವಾಂಟಿಟಿಯನ್ನೇ ಇಳಿಸಬೇಕಾಗುತ್ತದೆ.

ಆಪ್ಷನ್ ವ್ಯವಹಾರದವರಿಗೆ ಈ ದೋಷ ಇನ್ನೂ ಹತ್ತಿರ. ಎನ್‌ಎಸ್‌ಇ 2021ರ ಸೆಪ್ಟೆಂಬರ್‌ನಿಂದ ಆಪ್ಷನ್‌ಗಳಲ್ಲಿ ಟ್ರಿಗರ್ ಆದೊಡನೆ ಮಾರುಕಟ್ಟೆ ಬೆಲೆಗೇ ಮಾರುವ `SL-M` ಆರ್ಡರ್ ನಿಲ್ಲಿಸಿದೆ, ಉಳಿದಿರುವುದು ಲಿಮಿಟ್ ಇರುವ `SL` ಮಾತ್ರ. 120ಕ್ಕೆ ಕೊಂಡ ಆಪ್ಷನ್‌ಗೆ ಟ್ರಿಗರ್ 90, ಲಿಮಿಟ್ 89.95 ಎಂದು ಹಾಕಿದರೆ ಒಂದು ದೊಡ್ಡ ಕ್ಯಾಂಡಲ್ ಅದನ್ನು ದಾಟಿಕೊಂಡು ಹೋಗುತ್ತದೆ. 84ರಿಂದ 86ರ ನಡುವೆ ಲಿಮಿಟ್ ಇಡಿ.

## ಲಕ್ಷಣ: ಟ್ರಿಗರ್ ಆದ ಕೂಡಲೇ ಆರ್ಡರ್ `REJECTED`

ಎರಡು ಕಾರಣಗಳನ್ನು ಈ ಕ್ರಮದಲ್ಲೇ ನೋಡಿ.

ಮೊದಲನೆಯದು ಡಿಮ್ಯಾಟ್ ಅನುಮತಿ. ಮಾರಿದ ಷೇರನ್ನು ಡಿಮ್ಯಾಟ್‌ನಿಂದ ತೆಗೆಯಲು ಬ್ರೋಕರ್‌ಗೆ ಮುಂಗಡ ಅನುಮತಿ ಕೊಡುವ ಡಿಡಿಪಿಐ ಪತ್ರಕ್ಕೆ ಸಹಿ ಮಾಡಿಕೊಡದವರು ಹೋಲ್ಡಿಂಗ್ಸ್‌ನಿಂದ ಮಾರುವ ಮುನ್ನ ಟಿಪಿನ್ ಮತ್ತು ಒಟಿಪಿ ಹಾಕಿ ಅನುಮತಿ ಕೊಡಬೇಕು. ನೀವು ಕಚೇರಿಯಲ್ಲೋ ಬಸ್ಸಿನಲ್ಲೋ ಇರುವಾಗ ಟ್ರಿಗರ್ ಆದರೆ ಒಟಿಪಿ ಹಾಕುವವರಿಲ್ಲ, ಆರ್ಡರ್ ತಿರಸ್ಕೃತವಾಗುತ್ತದೆ. ತಾನೇ ನಡೆಯಬೇಕಾದ ಸ್ಟಾಪ್‌ಗೆ ಮನುಷ್ಯನ ಕೈ ಬೇಕಾದಂತಾಯಿತು. ಒಸಿಒ ನೆಚ್ಚಿಕೊಳ್ಳುವವರು ಡಿಡಿಪಿಐ ಕೊಟ್ಟಿರುವುದೇ ಸರಿ.

ಎರಡನೆಯದು ಸರ್ಕ್ಯೂಟ್ ಮಿತಿ, ಅಂದರೆ ಒಂದು ದಿನದಲ್ಲಿ ಬೆಲೆ ಏರಿಳಿಯಬಹುದಾದ ಗರಿಷ್ಠ ಶೇಕಡಾ. ಮೇಲಿನ ಲೆಕ್ಕದ ಷೇರಿಗೇ ಶೇಕಡಾ 5ರ ಮಿತಿ ಇದ್ದಿದ್ದರೆ? 474ರ ಮುಕ್ತಾಯಕ್ಕೆ ಮರುದಿನದ ಕೆಳಮಿತಿ 450.30. ನಾವು ಈಗಷ್ಟೇ ಸಲಹೆ ಕೊಟ್ಟ 444ರ ಲಿಮಿಟ್ ಆ ಮಿತಿಯ ಹೊರಗಿದೆ, ಎಕ್ಸ್‌ಚೇಂಜ್ ಅದನ್ನು ತೆಗೆದುಕೊಳ್ಳುವುದಿಲ್ಲ. 455ಕ್ಕೆ ಕೊಳ್ಳುವವರಿದ್ದರೂ ನಿಮ್ಮ ಆರ್ಡರ್ ಅವರನ್ನು ತಲುಪದು. ಹಾಗಾಗಿ ಅಂತರ ಇಡುವ ಮೊದಲು ಆ ಷೇರಿನ ಮಿತಿ 2, 5, 10, 20ರಲ್ಲಿ ಯಾವುದು ಎಂದು ಮಾರ್ಕೆಟ್ ಡೆಪ್ತ್‌ನ ಕೆಳಗಿರುವ ಲೋವರ್ ಸರ್ಕ್ಯೂಟ್ ಬೆಲೆಯಿಂದ ತಿಳಿಯಿರಿ. 5 ಅಥವಾ 2ರ ಷೇರಾದರೆ ಲಿಮಿಟ್ ಅನ್ನು ಪ್ರತಿದಿನ ಬೆಳಗ್ಗೆ ಅಂದಿನ ಕೆಳಮಿತಿಗೆ ಹೊಂದಿಸಬೇಕು. ಷೇರು ಕೆಳಗಿನ ಸರ್ಕ್ಯೂಟ್‌ನಲ್ಲೇ ಬೀಗ ಬಿದ್ದಿದ್ದರೆ ಕೊಳ್ಳುವವರೇ ಇರುವುದಿಲ್ಲ, ಯಾವ ಆರ್ಡರ್‌ನಿಂದಲೂ ಪ್ರಯೋಜನವಿಲ್ಲ.

## ಲಕ್ಷಣ: ಹೊರಬಂದ ಮೇಲೆ ಕೇಳದೆಯೇ ಹೊಸ ಪೊಸಿಷನ್

ಇಂಟ್ರಾಡೇಯಲ್ಲಿ ಹೊರಬಂದ ಮೇಲೆ ಪೊಸಿಷನ್ ಪುಟದಲ್ಲಿ `-100` ಎಂದು ಕಂಡರೆ ನೀವು ಇಲ್ಲದ 100 ಷೇರು ಮಾರಿದ್ದೀರಿ ಎಂದು ಅರ್ಥ. ನೀವು ಹೊರಬಂದ ಮೇಲೂ ಉಳಿದುಕೊಂಡ ಕಾಲು ನಡೆದುಬಿಟ್ಟಿದೆ.

ಇದರ ಸಾಮಾನ್ಯ ಕಾರಣ, ಕೈಯಾರೆ ಹೊರಬಂದು ಕಾಯುತ್ತಿದ್ದ ಕಾಲುಗಳನ್ನು ಮರೆತಿರುವುದು. ಪೊಸಿಷನ್ ಪುಟದಿಂದ ಮಾರಿದರೆ ಆ ಮಾರಾಟಕ್ಕೂ ಬಾಕಿ ಇರುವ ಒಸಿಒಗೂ ನಂಟಿದೆ ಎಂದು ಸರ್ವರ್‌ಗೆ ತಿಳಿಯದಿರಬಹುದು. ಬ್ರಾಕೆಟ್‌ನಿಂದ ಹೊರಬರಬೇಕಾದರೆ ಆ ಬ್ರಾಕೆಟ್‌ನದೇ `Exit` ಬಳಸಿ. ಎರಡನೆಯ ಕಾರಣ, ಒಂದು ಲಿಮಿಟ್ ಮತ್ತು ಒಂದು `SL` ಅನ್ನು ಬೇರೆ ಬೇರೆಯಾಗಿ ಹಾಕಿ ಅದನ್ನೇ ಒಸಿಒ ಎಂದುಕೊಂಡಿರುವುದು. ಅವುಗಳ ನಡುವೆ ನಂಟು ಕಟ್ಟಿದವರಿಲ್ಲ, ಒಂದು ನಡೆದರೆ ಇನ್ನೊಂದು ತನ್ನ ಪಾಡಿಗೆ ಕಾಯುತ್ತಲೇ ಇರುತ್ತದೆ.

ಮೂರನೆಯದು ಅಪರೂಪ, ಆದರೆ ಉಂಟು. ಬ್ರಾಕೆಟ್‌ನ ಎರಡೂ ಕಾಲುಗಳು ಎಕ್ಸ್‌ಚೇಂಜ್‌ನಲ್ಲೇ ಇರುವುದರಿಂದ, ಟಾರ್ಗೆಟ್ ಮತ್ತು ಸ್ಟಾಪ್ ತೀರ ಹತ್ತಿರವಿದ್ದು ಬೆಲೆ ಒಂದೆರಡು ಸೆಕೆಂಡಿನಲ್ಲಿ ಮೇಲೆ ಕೆಳಗೆ ಕುಣಿದರೆ, ರದ್ದತಿ ತಲುಪುವ ಮುನ್ನ ಎರಡೂ ಭರ್ತಿಯಾಗಬಹುದು. ಆರ್ಡರ್ ಬುಕ್‌ನಲ್ಲಿ ಎರಡೂ `COMPLETE` ಎಂದಿದ್ದು ಸಮಯದ ಅಂತರ ಸೆಕೆಂಡುಗಳಷ್ಟೇ ಆಗಿದ್ದರೆ ಇದೇ ಕಾರಣ.

ಯಾವ ಕಾರಣವೇ ಇರಲಿ, ಇಂಟ್ರಾಡೇಯಲ್ಲಿ ಬಂದ ಈ ಶಾರ್ಟ್ ಅನ್ನು ಅಂದೇ ಕೊಂಡು ಮುಚ್ಚಿ. ಷೇರು ಮೇಲಿನ ಸರ್ಕ್ಯೂಟ್ ಮುಟ್ಟಿದರೆ ಮುಚ್ಚಲು ಮಾರುವವರು ಸಿಗುವುದಿಲ್ಲ, ಆಗ ಅದು ಹರಾಜಿಗೆ ಹೋಗಿ ನಷ್ಟ ನಿಮ್ಮ ಕೈಮೀರುತ್ತದೆ.

## ಲಕ್ಷಣ: ವಾರದ ಹಿಂದೆ ಇದ್ದ ಒಸಿಒ ಈಗಿಲ್ಲ

ಬೋನಸ್ ಅಥವಾ ಸ್ಪ್ಲಿಟ್ ಬಂದಿದೆಯೇ ನೋಡಿ. 1:1 ಬೋನಸ್ ಆದರೆ 480ರ ಷೇರು ಎಕ್ಸ್ ದಿನಾಂಕದಂದು 240ರ ಹತ್ತಿರ ತೆರೆಯುತ್ತದೆ, 468ರ ಹಳೆಯ ಸ್ಟಾಪ್‌ಗೆ ಅರ್ಥವಿರುವುದಿಲ್ಲ. ಅದಕ್ಕಾಗಿ ಬ್ರೋಕರ್‌ಗಳು ಇಂಥ ಜಿಟಿಟಿಗಳನ್ನು ತಾವೇ ತೆಗೆದು ಇಮೇಲ್ ಕಳಿಸುವುದುಂಟು. ತೆಗೆಯದಿದ್ದರೆ ಎಕ್ಸ್ ದಿನಾಂಕದ ಹಿಂದಿನ ಸಂಜೆ ನೀವೇ ತೆಗೆಯಿರಿ, ಮರುದಿನ ಹೊಸ ಬೆಲೆಗೆ ಹಾಕಿ. ಇನ್ನು ಜಿಟಿಟಿಗೆ ಸಾಮಾನ್ಯವಾಗಿ ಒಂದು ವರ್ಷದ ಆಯಸ್ಸು. ಹಾಕಿದ ದಿನಾಂಕ ನೋಡಿಕೊಳ್ಳಿ.

## ಕಾರಣ ಸಿಗದಿದ್ದರೆ: ಒಂದೇ ಷೇರಿನ ಪರೀಕ್ಷೆ

ದಿನವೂ ಚೆನ್ನಾಗಿ ವಹಿವಾಟಾಗುವ, ನೂರಿನ್ನೂರು ರೂಪಾಯಿಯ ಒಂದು ಷೇರು ಕೊಂಡು, ಹೋಲ್ಡಿಂಗ್ಸ್‌ಗೆ ಬಂದ ಮೇಲೆ ಟಾರ್ಗೆಟ್ ಮತ್ತು ಸ್ಟಾಪ್ ಎರಡನ್ನೂ ಶೇಕಡಾ 1ರ ಒಳಗೆ ಇಟ್ಟು ಒಸಿಒ ಹಾಕಿ. ಟ್ರಿಗರ್ ಆದಾಗ ಮೂರು ಸಮಯ ಬರೆದುಕೊಳ್ಳಿ: ಟ್ರಿಗರ್ ಆದದ್ದು, ಆರ್ಡರ್ ಭರ್ತಿಯಾದದ್ದು, ಇನ್ನೊಂದು ಕಾಲು ಹೋದದ್ದು. ಒಟಿಪಿ ಕೇಳಿತೇ ಎಂಬುದೂ ತಿಳಿಯುತ್ತದೆ. ಖರ್ಚು ಕೆಲವು ರೂಪಾಯಿ ಮತ್ತು ಮಾರಾಟದ ಡಿಪಿ ಶುಲ್ಕ. ಬ್ರೋಕರ್ ಬದಲಿಸಿದಾಗ ಅಥವಾ ಆ್ಯಪ್‌ನ ಆರ್ಡರ್ ಪುಟ ಬದಲಾದಾಗ ಈ ಪರೀಕ್ಷೆ ಮತ್ತೆ ಮಾಡಬೇಕು.

## ಬ್ರೋಕರ್‌ಗೆ ದೂರು ಯಾವಾಗ

ಟ್ರಿಗರ್ ಬೆಲೆ ಅದೇ ಎಕ್ಸ್‌ಚೇಂಜ್‌ನಲ್ಲಿ ವಹಿವಾಟಾಗಿದ್ದೂ ಜಿಟಿಟಿ `ACTIVE` ಆಗಿಯೇ ಉಳಿದಿದ್ದರೆ, ಒಂದು ಕಾಲು ಭರ್ತಿಯಾದ ನಿಮಿಷಗಳ ನಂತರವೂ ಇನ್ನೊಂದು ರದ್ದಾಗದಿದ್ದರೆ, ಅಥವಾ ಕೈಯಾರೆ ರದ್ದು ಮಾಡಲೂ ಬಾರದಿದ್ದರೆ ಅದು ನಿಮ್ಮ ಕಡೆಯ ದೋಷವಲ್ಲ. ಮತ್ತೆ ಮತ್ತೆ ಹೊಸ ಆರ್ಡರ್ ಹಾಕಿ ಸರಿಪಡಿಸಲು ಹೋಗಬೇಡಿ. ಎಷ್ಟು ಷೇರು ಮಾರಿದ್ದೀರಿ ಎಂಬ ಲೆಕ್ಕವೇ ತಪ್ಪುತ್ತದೆ. ಕಾಲ್ ಆ್ಯಂಡ್ ಟ್ರೇಡ್‌ನಲ್ಲಿ ಪೊಸಿಷನ್ ಮುಚ್ಚಿಸಿ.

ಆರ್ಡರ್ ಸಂಖ್ಯೆ, ಎಕ್ಸ್‌ಚೇಂಜ್ ಆರ್ಡರ್ ಸಂಖ್ಯೆ, ಸಮಯ ಮತ್ತು ತಿರಸ್ಕಾರದ ಕಾರಣ ಇರುವ ಸ್ಕ್ರೀನ್‌ಶಾಟ್‌ಗಳನ್ನು ಅದೇ ದಿನ ತೆಗೆದಿಡಿ, ಮರುದಿನ ಆರ್ಡರ್ ಬುಕ್ ಖಾಲಿಯಾಗುತ್ತದೆ. ಅವನ್ನು ಲಗತ್ತಿಸಿ ಬ್ರೋಕರ್‌ನ ದೂರು ವಿಭಾಗಕ್ಕೆ ಇಮೇಲ್‌ನಲ್ಲೇ ಬರೆಯಿರಿ. ಉತ್ತರ ಸರಿಬರದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್ `scores.sebi.gov.in`ನಲ್ಲಿ ದೂರು ದಾಖಲಿಸಬಹುದು. ಅಲ್ಲಿಯೂ ಬಗೆಹರಿಯದಿದ್ದರೆ `SMART ODR` ಪೋರ್ಟಲ್‌ನಲ್ಲಿ ಸಂಧಾನ, ಮಧ್ಯಸ್ಥಿಕೆಗೆ ಅವಕಾಶವಿದೆ.